ಪ್ರೆಸ್ಸಿನವರು ಕೈ ಕೊಟ್ಟಿದ್ದಾರೆ, ಈ ಮೆಸೇಜ್ ಹೀಗೇ ಕಳಿಸಲಾ?

ಗೋರಿಕಾಯಿ · ಶುಕ್ರವಾರ, ಬೆಳಿಗ್ಗೆ 8:05

ನಮ್ಮ ಸಂಘಕ್ಕೆ 50 ವರ್ಷ. ಭಾನುವಾರ 23ಕ್ಕೆ ಸಮಾರಂಭ, ಬೆಳಿಗ್ಗೆ ಹತ್ತೂವರೆಗೆ ಸ್ಮರಣ ಸಂಚಿಕೆ ಬಿಡುಗಡೆ. 160 ಪುಟ, 500 ಪ್ರತಿ. ನಿನ್ನೆ ಗುರುವಾರ 20ಕ್ಕೆ ಪುಸ್ತಕ ಕೈಗೆ ಬರಬೇಕಿತ್ತು. ಬಂದಿಲ್ಲ. ಸಂಪಾದಕಿ ನಾನು, ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ರಾತ್ರಿ ನಿದ್ದೆ ಬರದೆ ಪ್ರೆಸ್ ಮಾಲೀಕರಿಗೆ ಒಂದು ವಾಟ್ಸಾಪ್ ಮೆಸೇಜ್ ಬರೆದಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ. ಇದು:

> ನಮಸ್ಕಾರ ಮಹಾನುಭಾವರೇ. 20ನೇ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇನ್ನೂ ಬಂದಿಲ್ಲ ಅಂತ ಕಾಣುತ್ತೆ. ಮೂರು ದಿನದಿಂದ ನಾಳೆ ನಾಳೆ ಅಂತಿದ್ದೀರಿ. ಮೊದಲು ಮೆಷಿನ್ ಕೆಟ್ಟಿತ್ತಂತೆ, ಆಮೇಲೆ ಬೈಂಡಿಂಗ್ ಹುಡುಗ ಊರಿಗೆ ಹೋದನಂತೆ. ಭಾನುವಾರ ಸಮಾರಂಭ ಇರೋದು ನೆನಪಿದೆಯೋ, ಇಲ್ಲ ಆಮಂತ್ರಣ ಪತ್ರಿಕೆ ಇನ್ನೊಂದು ಸಲ ಕಳಿಸಬೇಕೋ? ದಯವಿಟ್ಟು ದೊಡ್ಡ ಮನಸ್ಸು ಮಾಡಿ, ನಮ್ಮ ಮೊಮ್ಮಕ್ಕಳ ಕಾಲಕ್ಕಾದರೂ ಪುಸ್ತಕ ಕೊಡಿ.

ಬರೆದಾಗ ಹಾಯೆನಿಸಿತು. ಬೆಳಿಗ್ಗೆ ಓದಿದರೆ ಸ್ವಲ್ಪ ಭಯ. ಇದನ್ನು ತಣ್ಣಗೆ ಮಾಡುವುದು ಹೇಗೆ? ಹತ್ತು ಗಂಟೆಯೊಳಗೆ ಕಳಿಸಬೇಕು.

ಬಿಸಿಲೂರು · 8:11

ಹಾಗೇ ಕಳಿಸಿ. ಮೊಮ್ಮಕ್ಕಳ ಸಾಲು ಚೆನ್ನಾಗಿದೆ. ಬೈದರೇ ಕೆಲಸ ಆಗೋದು.

ಸುಮ್ನೆ_ಬಂದೆ · 8:19

ಬೇಡ ಬೇಡ. ಅವರಿಗೂ ಕಷ್ಟ ಇರುತ್ತೆ. ನಾನು ಹೀಗೆ ಬರೆಯುತ್ತಿದ್ದೆ:

> ನಮಸ್ಕಾರ ಸರ್. ತಮ್ಮ ಕೆಲಸದ ಒತ್ತಡ ನಮಗೆ ಅರ್ಥವಾಗುತ್ತದೆ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಸಾಧ್ಯವಾದರೆ ನಮ್ಮ ಸಂಚಿಕೆಯನ್ನು ಆದಷ್ಟು ಬೇಗ ಕೊಟ್ಟರೆ ಉಪಕಾರವಾಗುತ್ತದೆ.

ವ್ಯಂಗ್ಯ ತೆಗೆದುಬಿಟ್ಟರೆ ಮುಗೀತು, ಅಲ್ವಾ?

ತುಂಗಾತೀರ · 8:34

ವ್ಯಂಗ್ಯ ಹೋಯಿತು ನಿಜ. ಆದರೆ ಅದರ ಜೊತೆ ವಿಷಯವೂ ಹೋಯಿತು. ಈ ಮೆಸೇಜಿನಲ್ಲಿ 20 ಎಲ್ಲಿದೆ? ಭಾನುವಾರ ಎಲ್ಲಿದೆ? ಗೋರಿಕಾಯಿಯವರ ಕೋಪದ ಮೆಸೇಜಿನಲ್ಲಾದರೂ ಎರಡೂ ಇದ್ದವು. 'ಆದಷ್ಟು ಬೇಗ' ಅಂದರೆ ಪ್ರೆಸ್ಸಿನವರ ಲೆಕ್ಕದಲ್ಲಿ ಮುಂದಿನ ಬುಧವಾರವೂ ಆಗಬಹುದು. ಕ್ಷಮೆ ಯಾಕೆ ಕೇಳಿದಿರಿ ಅನ್ನುವುದೂ ನನಗೆ ತಿಳಿಯಲಿಲ್ಲ. ತಡ ಆಗಿರುವುದು ಆ ಕಡೆಯಿಂದ ತಾನೆ?

ನಾನು ಪ್ರೂಫ್ ತಿದ್ದುವವಳು. ಇಂಥ ಪತ್ರಗಳನ್ನು ಆಫೀಸಿನಲ್ಲಿ ದಿನಾ ತಿದ್ದಿಕೊಡುತ್ತೇನೆ. ನಮ್ಮ ಭಾಷೆಯಲ್ಲಿ ಕೋಪ ಬೈಗುಳದಲ್ಲಿ ಇರುವುದು ಕಡಿಮೆ. ಅದು ಮೂರು ಕಡೆ ಅಡಗಿ ಕೂತಿರುತ್ತದೆ.

ಒಂದು, ಜಾಸ್ತಿ ಮರ್ಯಾದೆ. 'ಮಹಾನುಭಾವರೇ', 'ದೊಡ್ಡ ಮನಸ್ಸು ಮಾಡಿ'. ದಿನಾ 'ಸರ್' ಅನ್ನುತ್ತಿದ್ದವರು ಇದ್ದಕ್ಕಿದ್ದಂತೆ 'ತಾವು' ಅಂದರೂ ಅದು ಚುಚ್ಚುತ್ತದೆ. ನಿನ್ನೆಯವರೆಗೆ ಏನೆಂದು ಕರೆಯುತ್ತಿದ್ದಿರೋ ಇವತ್ತೂ ಹಾಗೇ ಕರೆಯಿರಿ. ಏರಿಸಲೂ ಬೇಡಿ, ಇಳಿಸಲೂ ಬೇಡಿ.

ಎರಡು, 'ಅಂತೆ'. ಇದು ಬಹಳ ಸಣ್ಣ ಪದ, ಬಹಳ ವಿಷ. 'ಮೆಷಿನ್ ಕೆಟ್ಟಿತ್ತಂತೆ' ಅಂದರೆ 'ನೀನು ಸುಳ್ಳು ಹೇಳಿದ್ದೀಯ' ಅಂತಲೇ ಕೇಳಿಸುತ್ತದೆ. 'ಮೆಷಿನ್ ಕೆಟ್ಟಿದೆ ಎಂದು ಮಂಗಳವಾರ ಫೋನಿನಲ್ಲಿ ತಿಳಿಸಿದ್ದಿರಿ' ಅಂದರೆ ಅದು ಬರೀ ನಡೆದದ್ದು. ನೀವು ನಂಬಿದಿರಾ ಬಿಟ್ಟಿರಾ ಅನ್ನುವುದು ಅದರಲ್ಲಿಲ್ಲ.

ಮೂರು, ಉತ್ತರ ಬೇಡದ ಪ್ರಶ್ನೆ. 'ನೆನಪಿದೆಯೋ ಇಲ್ಲವೋ' ಅಂತ ಕೇಳಿದರೆ ಅವರು ಏನು ಹೇಳಬೇಕು? 'ನೆನಪಿದೆ' ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ನಿಮಗೆ ಪುಸ್ತಕ ಸಿಗಲಿಲ್ಲ.

'ಇನ್ನೂ', 'ಕೊನೆಗಾದರೂ' ಇಂಥವನ್ನೂ ಒಮ್ಮೆ ನೋಡಿ. 'ಬಂದಿಲ್ಲ' ಸಾಕು. 'ಇನ್ನೂ ಬಂದೇ ಇಲ್ಲ' ಅಂದಾಗ ಧ್ವನಿ ಏರುತ್ತದೆ.

ಹೊಲಿಗೆ_ಬಾಕಿ · 8:41

ನನ್ನದೂ ಇದೇ ಕಥೆ. ತಂಗಿಯ ಮದುವೆಗೆ ಬ್ಲೌಸ್ ಕೊಟ್ಟಿದ್ದೆ. ಟೈಲರ್‌ಗೆ 'ಮದುವೆಗೆ ನಾನು ಬಟ್ಟೆ ಪೀಸು ಸುತ್ತಿಕೊಂಡು ಹೋಗ್ತೀನಿ ಬಿಡಿ' ಅಂತ ಮೆಸೇಜ್ ಹಾಕಿದೆ. ಅವರು ನಗುವ ಇಮೋಜಿ ಕಳಿಸಿದರು! ತಮಾಷೆ ಅಂದುಕೊಂಡಿದ್ದಾರೆ. ಅಡ್ವಾನ್ಸ್ ವಾಪಸ್ ಕೇಳಬಹುದಾ ಇದಕ್ಕೆ?

ತುಂಗಾತೀರ · 8:44

ಅಡ್ವಾನ್ಸ್ ವಿಷಯ ನನಗೆ ಗೊತ್ತಿಲ್ಲ. ಆದರೆ ಒಳ್ಳೆಯ ಉದಾಹರಣೆ ಕೊಟ್ಟಿರಿ. ವ್ಯಂಗ್ಯದ ತೊಂದರೆಯೇ ಅದು. ಬೇಕಾದವರು ಅದನ್ನು ತಮಾಷೆ ಅಂತ ತೆಗೆದುಕೊಂಡು ಜಾರಿಕೊಳ್ಳಬಹುದು.

ಫಾರಂ_ಹದಿನಾರು · 8:52

ನಾನು ಆ ಕಡೆಯವನು. ಆಫ್‌ಸೆಟ್ ಪ್ರೆಸ್ಸಿನಲ್ಲಿ 22 ವರ್ಷ. ಇಂಥ ಮೆಸೇಜು ಎಷ್ಟು ಬಂದಿವೆಯೋ ಲೆಕ್ಕ ಇಟ್ಟಿಲ್ಲ. ಬಂದಾಗ ನಾವು ಏನು ಮಾಡುತ್ತೇವೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಫೋನ್ ಮಗುಚಿ ಇಡುತ್ತೇವೆ. ಸಂಜೆ ನೋಡಿದರಾಯಿತು ಅಂತ. ಯಾಕಂದ್ರೆ ಅದಕ್ಕೆ ಉತ್ತರ ಬರೆಯೋಕೆ ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆಯಲ್ಲಿ ಒಂದು ಫಾರಂ ಓಡಿಸಬಹುದು.

ಉತ್ತರ ಬೇಕು ಅಂದ್ರೆ ನಾವು ಮೆಷಿನ್ ಪಕ್ಕ ನಿಂತುಕೊಂಡೇ ಹೇಳಬಹುದಾದ್ದನ್ನು ಕೇಳಿ. 160 ಪುಟ ಅಂದರೆ 16 ಪುಟದ ಲೆಕ್ಕದಲ್ಲಿ 10 ಫಾರಂ. 'ಎಷ್ಟು ಫಾರಂ ಮುದ್ರಣ ಆಗಿದೆ, ಎಷ್ಟು ಬಾಕಿ?' ಅಂತ ಕೇಳಿ. ಇದಕ್ಕೆ ಸುಳ್ಳು ಹೇಳುವುದು ಕಷ್ಟ, ನೀವು ಬಂದು ಎಣಿಸಬಹುದು. 'ಪುಸ್ತಕ ಯಾವಾಗ?' ಅಂದರೆ ನನ್ನ ಬಾಯಲ್ಲಿ ತಾನಾಗೇ 'ನಾಳೆ' ಅಂತ ಬರುತ್ತೆ.

ಇನ್ನೊಂದು ವಿಷಯ. ಹತ್ತೂ ಫಾರಂ ಆಗದೆ ಒಂದೇ ಒಂದು ಪ್ರತಿ ಕೂಡ ಬೈಂಡ್ ಮಾಡೋಕೆ ಆಗಲ್ಲ. ಆದರೆ ಎಲ್ಲ ಫಾರಂ ಆಗಿದ್ದರೆ 500ನ್ನೂ ಒಟ್ಟಿಗೆ ಮುಗಿಸಬೇಕು ಅಂತಿಲ್ಲ. ಬಿಡುಗಡೆಗೆ ವೇದಿಕೆ ಮೇಲೆ, ಗಣ್ಯರಿಗೆ, ಜಾಹೀರಾತು ಕೊಟ್ಟವರಿಗೆ ಅಂತ ನೂರು ಪ್ರತಿ ಸಾಕಾಗಬಹುದು. ಅದನ್ನು ಕೇಳಿ.

ಒಂದು ಪ್ರಶ್ನೆ. ಕೊನೆಯ ಪ್ರೂಫಿಗೆ ನೀವು ಓಕೆ ಕೊಟ್ಟಿದ್ದು ಯಾವತ್ತು?

ಗೋರಿಕಾಯಿ · 9:03

ಈ ಪ್ರಶ್ನೆ ಯಾರೂ ಕೇಳಬಾರದು ಅಂದುಕೊಂಡಿದ್ದೆ.

ಫೈಲ್ ಕೊಟ್ಟಿದ್ದು 3ಕ್ಕೆ. ಮೊದಲ ಪ್ರೂಫ್ 6ಕ್ಕೆ ಬಂತು, 8ಕ್ಕೆ ತಿದ್ದಿ ಕೊಟ್ಟೆವು. 10ರ ಬೆಳಿಗ್ಗೆ ಎರಡನೇ ಪ್ರೂಫ್ ಬಂತು. ಅವತ್ತೇ ಓಕೆ ಕೊಡಬೇಕಿತ್ತು. ಅಧ್ಯಕ್ಷರಿಗೆ ತಮ್ಮ ಫೋಟೋ ಇಷ್ಟವಾಗಲಿಲ್ಲ. ಹೊಸದು ತೆಗೆಸಿ ಕೊಟ್ಟು ಓಕೆ ಹೇಳುವಾಗ 12ರ ಸಂಜೆ. ಕೊಟೇಶನ್‌ನಲ್ಲಿ 'ಅಂತಿಮ ಒಪ್ಪಿಗೆಯಿಂದ 10 ದಿನ' ಅಂತ ಇದೆ. ಈಗ ತೆಗೆದು ನೋಡಿದೆ.

ಆದರೆ 12ರಂದು ಫೋನಿನಲ್ಲಿ 'ತೊಂದರೆ ಇಲ್ಲ ಮೇಡಂ, 20ಕ್ಕೇ ಕೊಡ್ತೀವಿ' ಅಂದಿದ್ದರು. ಬರಹದಲ್ಲಿ ಇಲ್ಲ.

ಫಾರಂ_ಹದಿನಾರು · 9:06

12ಕ್ಕೆ 10 ಸೇರಿಸಿ.

ಗೋರಿಕಾಯಿ · 9:07

22. ಶನಿವಾರ. ಗೊತ್ತಾಯಿತು.

ಬಿಸಿಲೂರು · 9:10

ಅದನ್ನೆಲ್ಲ ನೀವಾಗಿ ಹೇಳಬೇಡಿ ಮತ್ತೆ. ಅವರ ಕೈಗೆ ಕೋಲು ಕೊಟ್ಟ ಹಾಗೆ.

ತುಂಗಾತೀರ · 9:17

ನಾನು ಹೇಳಿ ಅನ್ನುತ್ತೇನೆ. ನೀವು ಬಿಟ್ಟರೂ ಅವರು ಬಿಡುವುದಿಲ್ಲ. ಅವರ ಮೊದಲ ಉತ್ತರವೇ 'ಮೇಡಂ ಓಕೆ ಕೊಟ್ಟಿದ್ದು ಯಾವಾಗ' ಅಂತ ಬರುತ್ತದೆ. ಆಮೇಲೆ ಎರಡು ಗಂಟೆ ಅದರ ಮೇಲೇ ವಾದ. ಒಂದು ಸಾಲಿನಲ್ಲಿ ನೀವೇ ಹೇಳಿಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. ಕ್ಷಮೆ, ಕಾರಣ ಏನೂ ಬೇಡ. ಫೋಟೋ ಕಥೆಯಂತೂ ಖಂಡಿತ ಬೇಡ. ತಾರೀಖು ಮಾತ್ರ.

ಫೋನಿನ ಮಾತನ್ನೂ ಬರೆಯಿರಿ. ಅದನ್ನು ಈಗ ಬರಹಕ್ಕೆ ತಂದರೆ, ಅವರು ಅಲ್ಲ ಅನ್ನದಿದ್ದರೆ, ಅದು ದಾಖಲೆಯಲ್ಲಿ ಉಳಿಯುತ್ತದೆ.

'ನಾಳೆ', 'ನಿನ್ನೆ' ಕೂಡ ತೆಗೆಯಿರಿ. ಮೆಸೇಜನ್ನು ಅವರು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದರೆ 'ನಾಳೆ' ಯಾವ ನಾಳೆ? ವಾರ, ತಾರೀಖು ಎರಡನ್ನೂ ಹಾಕಿ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ.

ಕೋಟಿನ_ಮೇಲೆ_ಕೋಟು · 9:24

ವಕೀಲ ನಾನು. ತಣ್ಣಗೆ ಬರೆಯುವಾಗ ಒಂದು ವಿಷಯ ಕೈ ತಪ್ಪಬಾರದು ಅಂತ ಹೇಳಲು ಬಂದೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಸೆಕ್ಷನ್ 55 ಇದೆ. ಸಮಯವೇ ಮುಖ್ಯವಾದ ಕರಾರಿನಲ್ಲಿ ಒಬ್ಬರು ಸಮಯಕ್ಕೆ ಕೊಡಲಿಲ್ಲ, ಆದರೂ ನೀವು ತಡವಾಗಿ ಬಂದದ್ದನ್ನು ತೆಗೆದುಕೊಂಡಿರಿ ಅನ್ನಿ. ಆಮೇಲೆ ಆ ತಡಕ್ಕೆ ನಷ್ಟ ಪರಿಹಾರ ಕೇಳಲು ಆಗುವುದಿಲ್ಲ. ಕೇಳಬೇಕು ಅಂತಿದ್ದರೆ, ತೆಗೆದುಕೊಳ್ಳುವ ಹೊತ್ತಿನಲ್ಲೇ 'ಪರಿಹಾರ ಕೇಳುತ್ತೇವೆ' ಎಂದು ತಿಳಿಸಿರಬೇಕು.

ಸುಮ್ನೆ_ಬಂದೆ ಅವರ ಮೆಸೇಜ್ ಕಳಿಸಿ, 'ಧನ್ಯವಾದ ಸರ್' ಅಂತ ಪುಸ್ತಕ ಇಳಿಸಿಕೊಂಡರೆ ಕಷ್ಟ. ಕೋಪದ ಮೆಸೇಜಿನಲ್ಲೂ ಆ ಮಾತು ಇಲ್ಲ ನೋಡಿ. ಮೊಮ್ಮಕ್ಕಳು ಇದ್ದಾರೆ, ಪರಿಹಾರ ಇಲ್ಲ.

ಫಾರಂ_ಹದಿನಾರು · 9:29

ಸರ್, ಇವತ್ತಿನ ಮೆಸೇಜಿನಲ್ಲಿ ಆ ಸಾಲು ಹಾಕಿದರೆ ನನ್ನಂಥವನು ಮೊದಲು ತನ್ನ ವಕೀಲರಿಗೆ ಫೋನ್ ಮಾಡುತ್ತಾನೆ. ಬೈಂಡಿಂಗ್ ನಿಲ್ಲುತ್ತದೆ. ಅವರಿಗೆ ಬೇಕಾಗಿರುವುದು ಭಾನುವಾರಕ್ಕೆ ಪುಸ್ತಕ.

ಕೋಟಿನ_ಮೇಲೆ_ಕೋಟು · 9:33

ಒಪ್ಪಿದೆ, ಇವತ್ತೇ ಹಾಕಬೇಕಿಲ್ಲ. ಪುಸ್ತಕ ತೆಗೆದುಕೊಳ್ಳುವಾಗ ಹಾಕಿದರೆ ಸಾಕು. ಆದರೆ ಅವತ್ತು ಮರೆಯಬಾರದು.

ಇವರ ವಿಷಯದಲ್ಲಿ ಕರಾರಿನ ದಿನ 20ನೋ 22ನೋ ಅನ್ನುವುದೇ ಗೊಂದಲ. ಕಾಗದ 22 ಅನ್ನುತ್ತೆ, ಫೋನು 20 ಅನ್ನುತ್ತೆ. ತಡದಿಂದ ರೂಪಾಯಿ ಲೆಕ್ಕದ ನಷ್ಟ ಏನಾದರೂ ಇದೆಯಾ?

ಗೋರಿಕಾಯಿ · 9:36

ಮಾನ ಹೋಗೋದು ಬಿಟ್ಟರೆ ಬೇರೆ ಇಲ್ಲ. ಜಾಹೀರಾತಿನವರು ಹಣ ವಾಪಸ್ ಕೇಳಿದರೆ ಆಗ ಗೊತ್ತಾಗುತ್ತೆ.

ಎಲ್ಲ ಸೇರಿಸಿ ಹೀಗೆ ಬರೆದೆ, ನೋಡಿ:

> ನಮಸ್ಕಾರ ಸರ್. ನಮ್ಮ ಸ್ಮರಣ ಸಂಚಿಕೆ (160 ಪುಟ, 500 ಪ್ರತಿ) ಬಗ್ಗೆ.
> ಅಂತಿಮ ಒಪ್ಪಿಗೆಯನ್ನು ನಾವು ಸೋಮವಾರ 10ರ ಬದಲು ಬುಧವಾರ 12ರ ಸಂಜೆ ಕೊಟ್ಟೆವು. ಅವತ್ತು ಫೋನಿನಲ್ಲಿ ಗುರುವಾರ 20ಕ್ಕೇ ಕೊಡುವುದಾಗಿ ಹೇಳಿದ್ದಿರಿ. ಮಂಗಳವಾರ 18ರಂದು ಮೆಷಿನ್ ಕೆಟ್ಟಿದೆ ಎಂದೂ, ಬುಧವಾರ 19ರಂದು ಬೈಂಡಿಂಗ್ ಕೆಲಸಗಾರರು ಊರಿಗೆ ಹೋಗಿದ್ದಾರೆ ಎಂದೂ ತಿಳಿಸಿದಿರಿ. ಇವತ್ತು ಶುಕ್ರವಾರ 21, ಬೆಳಿಗ್ಗೆ 9:30ರವರೆಗೆ ಪ್ರತಿಗಳು ನಮಗೆ ತಲುಪಿಲ್ಲ.
> ಭಾನುವಾರ 23, ಬೆಳಿಗ್ಗೆ 10:30ಕ್ಕೆ ಬಿಡುಗಡೆ.
> ಇವತ್ತು ಮಧ್ಯಾಹ್ನ 1 ಗಂಟೆಯೊಳಗೆ ಇವೆರಡು ತಿಳಿಸಿ. 10 ಫಾರಂನಲ್ಲಿ ಎಷ್ಟು ಮುದ್ರಣವಾಗಿದೆ? ಶನಿವಾರ 22ರ ಸಂಜೆ 6ರೊಳಗೆ 100 ಪ್ರತಿ ಕೊಡಲು ಆಗುತ್ತದೆಯೇ?
> ಆಗುವುದಾದರೆ ನಾವೇ ಗಾಡಿ ಕಳಿಸುತ್ತೇವೆ. ಉಳಿದ 400ರ ದಿನವನ್ನು ಆಮೇಲೆ ಮಾತಾಡೋಣ.

ಬಿಸಿಲೂರು · 9:40

ಖಾರವೇ ಇಲ್ಲ. ಆದರೆ ಓದಿದರೆ ನನಗೇ ಸ್ವಲ್ಪ ಗಾಬರಿ ಆಗುತ್ತಿದೆ, ಯಾಕೋ.

ತುಂಗಾತೀರ · 9:43

ಒಂದೇ ತಿದ್ದುಪಡಿ. 'ಗುರುವಾರ 20ಕ್ಕೇ' ಅನ್ನುವ ಕಡೆ ಆ 'ಏ' ತೆಗೆಯಿರಿ. '20ಕ್ಕೆ' ಸಾಕು.

'ಪ್ರತಿಗಳು ತಲುಪಿಲ್ಲ' ಅಂತ ಬರೆದದ್ದು ಒಳ್ಳೆಯದು, 'ನೀವು ಕಳಿಸಿಲ್ಲ' ಅನ್ನಲಿಲ್ಲ. ನಿಮಗೆ ಗೊತ್ತಿರುವುದು ತಲುಪಿಲ್ಲ ಅನ್ನುವಷ್ಟೇ. ಹಾಗಂತ ಎಲ್ಲ ಕಡೆ ಹೀಗೆ ಮಾಡಬಾರದು. ಯಾರು ಮಾತು ಕೊಟ್ಟರು ಅನ್ನುವಲ್ಲಿ 'ಹೇಳಲಾಗಿತ್ತು' ಅಂತ ಬರೆದರೆ ಅದು ಸರ್ಕಾರಿ ಪತ್ರ ಆಗುತ್ತದೆ, ಯಾರ ತಲೆಗೂ ಬರುವುದಿಲ್ಲ. 'ಹೇಳಿದ್ದಿರಿ' ಇರಲಿ.

ಸುಮ್ನೆ_ಬಂದೆ · 9:45

ಒಂದು ನಗುಮುಖ ಹಾಕಿದರೆ ಮೆತ್ತಗಾಗಲ್ವಾ ಕೊನೆಗೆ?

ಫಾರಂ_ಹದಿನಾರು · 9:46

ಬೇಡ. ತಡ ಆದಾಗ ಬರುವ ನಗುಮುಖ ನೋಡಿದರೆ ನಮಗೆ ಭಯ ಆಗುತ್ತೆ.

ಗೋರಿಕಾಯಿ · 9:58

ಕಳಿಸಿದೆ. ಒಂದು ಎಡವಟ್ಟು ಹೇಳಲೇಬೇಕು. ರಾತ್ರಿಯ ಮೆಸೇಜ್ ಅವರ ಚಾಟಿನಲ್ಲೇ ಡ್ರಾಫ್ಟ್ ಆಗಿ ಕೂತಿತ್ತು. ಅದನ್ನು ಅಳಿಸಿ ಇದನ್ನು ಅಂಟಿಸುವಾಗ ಕೈ ನಡುಗಿತು. ಸ್ವಲ್ಪ ಹೆಚ್ಚುಕಮ್ಮಿ ಆಗಿದ್ದರೆ ಮೊಮ್ಮಕ್ಕಳು ಹೋಗಿರುತ್ತಿದ್ದರು.

ಹೊಲಿಗೆ_ಬಾಕಿ · 10:02

ಹೋದರೆ ಡಿಲೀಟ್ ಮಾಡಬಹುದಲ್ಲ. ಎಡಿಟ್ ಕೂಡ ಇದೆ.

ಕೋಟಿನ_ಮೇಲೆ_ಕೋಟು · 10:09

ಎಡಿಟ್‌ಗೆ 15 ನಿಮಿಷ ಮಾತ್ರ. ಡಿಲೀಟ್‌ಗೆ ಎರಡು ದಿನದ ಮೇಲೆ ಸಮಯ ಇದೆ, ಆದರೆ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಅವರು ಸ್ಕ್ರೀನ್‌ಶಾಟ್ ತೆಗೆದಿದ್ದರೆ ಮುಗಿಯಿತು. ನಾನು ಇಂಥವನ್ನು ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಳ್ಳುವ ಚಾಟ್ ಇದೆಯಲ್ಲ, ಅಲ್ಲಿ ಬರೆಯುತ್ತೇನೆ. ಇನ್ನೊಂದು ಲಾಭವೂ ಇದೆ. ಅವರ ಚಾಟಿನಲ್ಲಿ ಕೂತು ಬರೆದರೆ, ಅವರು ಅದೇ ಹೊತ್ತಿಗೆ ತೆರೆದಿದ್ದರೆ, ನೀವು ಟೈಪ್ ಮಾಡುತ್ತಿರುವುದು ಅವರಿಗೆ ಕಾಣುತ್ತದೆ. ಇಪ್ಪತ್ತು ನಿಮಿಷ ಟೈಪ್ ಮಾಡಿ ಮೂರು ಸಾಲು ಕಳಿಸಿದರೆ, ಏನೆಲ್ಲ ಅಳಿಸಿದಿರಿ ಅಂತ ಅವರು ಊಹಿಸುತ್ತಾರೆ.

ಗೋರಿಕಾಯಿ · 10:51

ಉತ್ತರ ಬಂತು! ಹೀಗಿದೆ: 'ಮೇಡಂ 9 ಫಾರಂ ಆಗಿದೆ. ಕಲರ್ ಫಾರಂ ಒಂದು ಬಾಕಿ, ಆ ಮೆಷಿನ್ನೇ ಕೆಟ್ಟಿದ್ದು. ಇವತ್ತು ಮಧ್ಯಾಹ್ನ ಓಡಿಸ್ತೀವಿ. ನಾಳೆ ರಾತ್ರಿ 8ಕ್ಕೆ 100 ಕೊಡ್ತೀವಿ, 6ಕ್ಕೆ ಆಗಲ್ಲ.'

ಮೆಷಿನ್ ನಿಜವಾಗಿಯೂ ಕೆಟ್ಟಿತ್ತು. ಆ 'ಅಂತೆ' ಹೋಗದೇ ಇದ್ದದ್ದು ಒಳ್ಳೆಯದಾಯಿತು. 8ಕ್ಕೆ ಒಪ್ಪಲಾ?

ಫಾರಂ_ಹದಿನಾರು · 10:58

ಒಪ್ಪಿ. ಲೆಕ್ಕ ಸರಿ ಇದೆ. ಕಲರ್ ಫಾರಂ ಆರ್ಟ್ ಪೇಪರ್ ಆಗಿದ್ದರೆ ಇಂಕ್ ಒಣಗೋಕೆ ಬಿಡಬೇಕು. ಅವಸರದಲ್ಲಿ ಮಡಚಿದರೆ ಎದುರು ಪುಟಕ್ಕೆ ಬಣ್ಣ ಹತ್ತುತ್ತೆ, ನಿಮ್ಮ ಅಧ್ಯಕ್ಷರ ಮುಖದ ಮೇಲೆ ಜಾಹೀರಾತು ಬಂದು ಕೂರುತ್ತೆ. ಆಮೇಲೆ ಅಂಟು, ಕಟಿಂಗ್. ಎರಡು ಗಂಟೆಗೆ ಜಗಳ ಬೇಡ.

ಬಿಸಿಲೂರು · 11:05

ಸರಿ, ಈ ಸಲ ಕೆಲಸ ಆಯಿತು. ಆದರೆ ನನ್ನ ಕಾಂಟ್ರಾಕ್ಟರ್‌ಗೆ ಹೀಗೆ ಬರೆದರೆ ಓದುವುದೇ ಇಲ್ಲ. ಆರು ತಿಂಗಳಿಂದ ತಾರೀಖು ಹಾಕಿ ಹಾಕಿ ಬರೆದಿದ್ದೇನೆ. ಬೈದ ದಿನ ಮಾತ್ರ ಇಬ್ಬರು ಬರುತ್ತಾರೆ.

ತುಂಗಾತೀರ · 11:12

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೈದ ಮರುದಿನ ಆ ಇಬ್ಬರು ಬರುತ್ತಾರಾ?

ಬಿಸಿಲೂರು · 11:13

ಇಲ್ಲ.

ಗೋರಿಕಾಯಿ · ಭಾನುವಾರ, ರಾತ್ರಿ 9:40

ಶನಿವಾರ ರಾತ್ರಿ ಎಂಟೂವರೆಗೆ 120 ಪ್ರತಿ ಬಂತು. ಬಿಡುಗಡೆ ಆಯಿತು. ಪುಸ್ತಕ ಇಳಿಸಿಕೊಳ್ಳುವಾಗ ವಕೀಲರು ಹೇಳಿದ ಸಾಲು ಕಳಿಸಲಿಲ್ಲ. ನಷ್ಟ ಅಂತ ತೋರಿಸಲು ಏನೂ ಇರಲಿಲ್ಲ, ಎರಡು ದಿನದ ತಪ್ಪು ನಮ್ಮದೂ ಇತ್ತು. ಅದು ಸರಿಯೋ ತಪ್ಪೋ ಗೊತ್ತಿಲ್ಲ.

ಈಗ ಹೊಸ ತಲೆನೋವು. ವೇದಿಕೆಯ ಮೇಲೆ ಒಬ್ಬರು ಪುಸ್ತಕ ಅಗಲಿಸಿ ತೋರಿಸಿದರು, ನಡುವಿನ ಹಾಳೆಗಳು ಕಿತ್ತು ಕೈಗೆ ಬಂದವು. ಎಲ್ಲರೂ ನಕ್ಕರು. ನಾನು ಈಗ ಬರೆಯುತ್ತಿರುವುದು: 'ಸರ್, ನಿಮ್ಮ ಅಂಟಿಗೆ ನಮ್ಮ ಸಂಘದ ಸದಸ್ಯರಿಗಿಂತ ಒಗ್ಗಟ್ಟು ಕಡಿಮೆ.' ನನಗೆ ನಾನೇ ಕಳಿಸಿಕೊಳ್ಳುವ ಚಾಟಿನಲ್ಲೇ ಇದೆ, ಹೆದರಬೇಡಿ.

ಕೋಟಿನ_ಮೇಲೆ_ಕೋಟು · 9:52

ಕಳಿಸದೇ ಇದ್ದದ್ದಕ್ಕೆ ನನ್ನ ತಕರಾರಿದೆ, ಇರಲಿ. ಉಳಿದ 380 ಬಂದಾಗ ಮತ್ತೆ ಮಾತಾಡೋಣ.

ಫಾರಂ_ಹದಿನಾರು · 9:55

ಒಂದು ಪ್ರತಿ ಕಿತ್ತರೆ ಅದು ಆ ಪ್ರತಿ. ಹತ್ತಾರು ಕಿತ್ತರೆ ಅಂಟಿನ ತಪ್ಪು. ನಿಮ್ಮ ಹತ್ತಿರ ಎಷ್ಟು ಉಳಿದಿವೆ? ಒಂದೊಂದನ್ನೇ ನಡುವಿನಲ್ಲಿ ತೆರೆದು ನೋಡಿ. ಎಷ್ಟು ಕಿತ್ತಿವೆ, ಯಾವ ಪುಟದಲ್ಲಿ ಅಂತ ಬರೆದಿಟ್ಟುಕೊಳ್ಳಿ. ಫೋಟೋ ತೆಗೆಯಿರಿ. ಉಳಿದವನ್ನು ಅವರು ಇನ್ನೂ ಬೈಂಡ್ ಮಾಡಿಲ್ಲದಿದ್ದರೆ ಸರಿ ಮಾಡಿಕೊಳ್ಳಬಹುದು, ಅದಕ್ಕೆ ನಾಳೆ ಬೆಳಿಗ್ಗೆಯೇ ತಿಳಿಸಬೇಕು.

ಗೋರಿಕಾಯಿ · 10:31

ಮನೆಯಲ್ಲಿ 64 ಇವೆ. ಎಲ್ಲ ತೆರೆದು ನೋಡಿದೆ. 7 ಕಿತ್ತಿವೆ, ಏಳೂ ಕಲರ್ ಫಾರಂ ಇರುವ ಜಾಗದಲ್ಲೇ.

ಫಾರಂ_ಹದಿನಾರು · 10:33

ಆರ್ಟ್ ಪೇಪರ್. ಅಂಟು ಹಿಡಿಯೋದು ಕಷ್ಟ ಅದಕ್ಕೆ. ಇಷ್ಟನ್ನೇ ಬರೆಯಿರಿ, ಒಗ್ಗಟ್ಟಿನ ಸಾಲು ಬಿಟ್ಟು.